ಪ್ಯಾಂಟಿಗೆ ಕನ್ನಡಿ ಹೊಳಪು: ತಪ್ಪು ಬಟ್ಟೆಯದೋ, ಇಸ್ತ್ರಿಯದೋ?

ಅಂಗಡಿಯಲ್ಲಿ ಮುಟ್ಟಿ ನೋಡಿದಾಗ ಬೆಣ್ಣೆಯ ಹಾಗಿದ್ದ ಪ್ಯಾಂಟ್ ಪೀಸು. ಹೊಲಿಸಿ ಆರು ತಿಂಗಳಾಗಿಲ್ಲ, ಆಗಲೇ ಕೂರುವ ಜಾಗ ಮಿರಮಿರ ಅಂತ ಮಿಂಚೋಕೆ ಶುರು. ಬಟ್ಟೆ ಹರಿದಿಲ್ಲ, ಬಣ್ಣ ಹೋಗಿಲ್ಲ, ಆದರೂ ಆಫೀಸಿಗೆ ಹಾಕಿಕೊಂಡು ಹೋಗಲು ಮುಜುಗರ. ನಿಮ್ಮ ಯಜಮಾನರ ಪ್ಯಾಂಟಿನ ಕಥೆ ಇದಾಗಿರಬಹುದು, ಇಲ್ಲವೇ ನೀವೇ ಆಫೀಸಿಗೆ ಹಾಕುವ ಫಾರ್ಮಲ್ ಪ್ಯಾಂಟಿನದ್ದೂ ಆಗಿರಬಹುದು. 'ಮುಂದಿನ ಸಲ ದುಡ್ಡು ಹೋದರೂ ಸರಿ, ಪ್ಯೂರ್ ವುಲನ್ನೇ ತಗೊಳ್ಳೋಣ' ಅಂತ ಅನ್ನಿಸುವುದು ಸಹಜ. ಆದರೆ ಪರ್ಸು ಬಿಚ್ಚುವ ಮೊದಲು ಸ್ವಲ್ಪ ತಡೆಯಿರಿ. ಆ ಹೊಳಪು ಎಲ್ಲಿಂದ ಬಂತು ಅನ್ನೋದನ್ನು ಮೊದಲು ಪತ್ತೆ ಮಾಡೋಣ. ಎಷ್ಟೋ ಸಲ ಅದು ಬಟ್ಟೆ ಅಂಗಡಿಯಿಂದ ಬಂದದ್ದೇ ಅಲ್ಲ, ಇಸ್ತ್ರಿ ಮೇಜಿನ ಮೇಲೆ ಹುಟ್ಟಿದ್ದು.

ಆಫೀಸ್ ಪ್ಯಾಂಟಿಗೆಂದು ಅಂಗಡಿಯವರು ಬಿಚ್ಚಿ ಹರಡುವ ಸೂಟಿಂಗ್ ಬಟ್ಟೆಯಲ್ಲಿ ಬಹುಪಾಲು ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರೆಸಿದ್ದು. ರಾಜಸ್ಥಾನದ ಭಿಲ್ವಾಡಾ ಊರು ಹೆಸರು ಮಾಡಿರುವುದೇ ಈ ಬಟ್ಟೆಗೆ. ವ್ಯಾಪಾರಿಗಳು ಚುಟುಕಾಗಿ 'ಪಿ.ವಿ.' ಅನ್ನುತ್ತಾರೆ. ಸಾಮಾನ್ಯ ಲೆಕ್ಕ ಅಂದರೆ ನೂರಕ್ಕೆ 65 ಪಾಲು ಪಾಲಿಯೆಸ್ಟರ್, 35 ಪಾಲು ವಿಸ್ಕೋಸ್. ಪಾಲಿಯೆಸ್ಟರ್ ಪೆಟ್ರೋಲಿಯಂ ಮೂಲದ್ದು, ಗಟ್ಟಿ, ನೀರು ಕುಡಿಯುವುದಿಲ್ಲ. ವಿಸ್ಕೋಸ್ ಮರದ ತಿರುಳಿನಿಂದ ಮಾಡಿದ್ದು, ಮೆತ್ತಗೆ, ಚೆನ್ನಾಗಿ ನೀರು ಕುಡಿಯುತ್ತದೆ. ಬಟ್ಟೆಗೆ ಜೋಲುವ ಗುಣ, ಮೈಗೆ ತಂಪು ಕೊಡುವುದು ವಿಸ್ಕೋಸ್. ಸುಕ್ಕಾಗದಂತೆ ಹಿಡಿದಿಡುವುದು ಪಾಲಿಯೆಸ್ಟರ್. ಇಬ್ಬರೂ ಕೂಡಿ ಸಂಸಾರ ಮಾಡಿದ ಹಾಗೆ, ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿಕೊಂಡು ಹೋಗುತ್ತಾರೆ. ಜಗಳ ಶುರುವಾಗುವುದು ಬಿಸಿ ತಾಗಿದಾಗ.

<b>ಹೊಳಪು ಹುಟ್ಟುವುದು ಹೇಗೆ?</b>

ಹೊಸ ಬಟ್ಟೆಯನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿ. ಮೇಲ್ಮೈಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ರೋಮ ಎದ್ದಿರುತ್ತದೆ. ನೂಲು ಕೂಡ ದುಂಡಗಿರುತ್ತದೆ. ಹಾಗಾಗಿ ಬೆಳಕು ಬಿದ್ದರೆ ನಾಲ್ಕೂ ಕಡೆ ಚದುರಿ ಬಟ್ಟೆ ಮಂದವಾಗಿ ಕಾಣುತ್ತದೆ. ಆ ರೋಮ ಸವೆದು ಹೋದರೆ, ಇಲ್ಲವೇ ದುಂಡಗಿದ್ದ ನೂಲು ಚಪ್ಪಟೆಯಾದರೆ, ಬೆಳಕು ಒಂದೇ ಕಡೆಗೆ ತಿರುಗಿ ಬಂದು ಕಣ್ಣಿಗೆ ಹೊಡೆಯುತ್ತದೆ. ಅದೇ ಕನ್ನಡಿ ಹೊಳಪು.

ಪಾಲಿಯೆಸ್ಟರ್ ಕರಗುವುದು ಸುಮಾರು 255–260 ಡಿಗ್ರಿ ಸೆಲ್ಸಿಯಸ್‌ನಲ್ಲಿ. 'ಅಷ್ಟು ಬಿಸಿ ಇಸ್ತ್ರಿಪೆಟ್ಟಿಗೆಯಲ್ಲಿ ಎಲ್ಲಿ ಬರುತ್ತೆ?' ಅಂತ ಕೇಳಬಹುದು. ಬರುವುದಿಲ್ಲ ಅನ್ನಿ. ಆದರೆ ಕರಗಲೇಬೇಕೆಂದಿಲ್ಲ. 70–80 ಡಿಗ್ರಿ ದಾಟುತ್ತಲೇ ಅದರ ಎಳೆ ಬಾಗಲು ಒಪ್ಪುತ್ತದೆ, ಬಿಸಿ ಏರಿದಷ್ಟೂ ಮೆತ್ತಗಾಗುತ್ತದೆ. ಆಗ ಭಾರ ಹೇರಿದರೆ ಚಪ್ಪಟೆಯಾಗಿ, ಆರಿದ ಮೇಲೆ ಹಾಗೇ ನಿಂತುಬಿಡುತ್ತದೆ. ಪಿ.ವಿ. ಪ್ಯಾಂಟಿನ ಇಸ್ತ್ರಿಗೆರೆ ಅಷ್ಟು ಚೆನ್ನಾಗಿ ನಿಲ್ಲುವುದೂ ಇದೇ ಗುಣದಿಂದ. ಒಳ್ಳೆಯ ಗೆರೆ ನಿಂತ ಹಾಗೇ ಕೆಟ್ಟ ಹೊಳಪೂ ನಿಲ್ಲುತ್ತದೆ, ಒಂದು ಸಲ ತಪ್ಪಾಗಿ ಬಿದ್ದ ಎರಡನೇ ಗೆರೆಯೂ ಹಠ ಹಿಡಿದು ಕೂರುತ್ತದೆ.

ಈಗ ನಮ್ಮ ಬೀದಿ ಮೂಲೆಯ ಇಸ್ತ್ರಿ ಗಾಡಿಯನ್ನು ನೆನಪಿಸಿಕೊಳ್ಳಿ. ಪೆಟ್ಟಿಗೆ ಇದ್ದಿಲಿನದ್ದಿರಲಿ, ಗ್ಯಾಸಿನದ್ದಿರಲಿ, ಅದಕ್ಕೆ ಬಿಸಿ ಅಳೆಯುವ ಗುಂಡಿ ಇರುವುದಿಲ್ಲ. ಇಸ್ತ್ರಿ ಹಾಕುವವರ ಅನುಭವವೇ ಅಳತೆ. ಕಾಟನ್ ಷರಟಿನ, ಕಾಟನ್ ಸೀರೆಯ ಸುಕ್ಕು ಹೋಗಬೇಕಾದರೆ ಸುಮಾರು 200 ಡಿಗ್ರಿ ಬೇಕು. ಷರಟಿನ ಹಿಂದೆಯೇ ಅದೇ ಪೆಟ್ಟಿಗೆ ನಿಮ್ಮ ಪಿ.ವಿ. ಪ್ಯಾಂಟಿನ ಮೇಲೆ ಬರುತ್ತದೆ, ಅದೂ ನೇರ ಹೊರಮಗ್ಗುಲಿನ ಮೇಲೆ, ತನ್ನ ಭಾರವನ್ನೆಲ್ಲ ಬಿಟ್ಟು. ಪಾಪ, ಅವರದ್ದು ತಪ್ಪಲ್ಲ. ಗಂಟೆಗೆ ಇಷ್ಟು ಬಟ್ಟೆ ಮುಗಿಸಿದರೆ ಅಷ್ಟು ಸಂಪಾದನೆ. ನಾವು ಬೇರೆ ಗಂಟು ಕಟ್ಟಿ, 'ಇದು ಪಾಲಿಯೆಸ್ಟರ್, ಪೆಟ್ಟಿಗೆ ಆರಿದ ಮೇಲೆ ಕೊನೆಗೆ ಹಾಕಿ, ಒಳಮಗ್ಗುಲಿಂದ ಹಾಕಿ' ಅಂತ ಹೇಳಿ ಕೊಡುತ್ತೀವಾ? ಹೇಳಿ ನೋಡಿ, ಖಂಡಿತ ಹಾಗೇ ಹಾಕಿಕೊಡುತ್ತಾರೆ.

ಉಣ್ಣೆಯ ಕಥೆ ಬೇರೆ. ಅದು ಕೂದಲು. ಬಿಸಿಗೆ ಮೆತ್ತಗಾಗಿ ಕರಗುವುದಿಲ್ಲ, ಹೆಚ್ಚಾದರೆ ಕಂದಿ ಹಳದಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಒಣ ಪೆಟ್ಟಿಗೆ ಒತ್ತಿದರೆ ಉಣ್ಣೆಗೂ ಹೊಳಪು ಬರುತ್ತದೆ, ಬರುವುದೇ ಇಲ್ಲ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಆದರೆ ಅದು ಹೆಚ್ಚಾಗಿ ಮಲಗಿದ ರೋಮ, ಬೆಸೆದುಹೋದದ್ದಲ್ಲ. ಹಬೆ ತಾಗಿದರೆ ಎದ್ದು ನಿಲ್ಲುತ್ತದೆ.

<b>ಮನೆಯಲ್ಲೇ ಪತ್ತೇದಾರಿಕೆ</b>

ನಿಮ್ಮ ಮನೆಯ ಹೊಳೆಯುವ ಪ್ಯಾಂಟನ್ನು ಕಿಟಕಿಯ ಹತ್ತಿರ ಹಾಸಿ, ಓರೆಯಾಗಿ ನೋಡಿ. ಜೇಬಿನ ಬಾಯಿ, ಜಿಪ್ ಮೇಲಿನ ಪಟ್ಟಿ, ಪಕ್ಕದ ಹೊಲಿಗೆ, ಕೆಳಗಿನ ಮಡಿಕೆ, ಅಂದರೆ ಬಟ್ಟೆ ಎರಡು ಮೂರು ಪದರ ಇರುವ ಕಡೆ ಗೆರೆ ಗೆರೆಯಾಗಿ ಹೊಳೆಯುತ್ತಿದೆಯೇ? ಅದು ಇಸ್ತ್ರಿಯ ಹೊಳಪು. ದಪ್ಪ ಇರುವ ಕಡೆ ಪೆಟ್ಟಿಗೆಯ ಭಾರ ಜಾಸ್ತಿ ಬೀಳುತ್ತದೆ, ಅಲ್ಲೇ ಮೊದಲು ಚಪ್ಪಟೆಯಾಗುತ್ತದೆ. ಹಾಗಲ್ಲದೆ ಕೂರುವ ಜಾಗ, ತೊಡೆಯ ಹಿಂಭಾಗ, ಮೇಜಿಗೆ ತಾಗುವ ಕಡೆ ಅಗಲವಾಗಿ, ಅಂಚಿಲ್ಲದೆ ಮಿನುಗುತ್ತಿದ್ದರೆ ಅದು ಉಜ್ಜಿದ ಹೊಳಪು. ಸ್ಕೂಟರಿನ ರೆಕ್ಸಿನ್ ಸೀಟು, ಬಸ್ಸಿನ ಸೀಟು, ಆಫೀಸಿನ ಕುರ್ಚಿ, ಎಲ್ಲವೂ ಅದಕ್ಕೆ ಪಾಲುದಾರರು.

ಯಾಕೆ ಈ ವ್ಯತ್ಯಾಸ ಮುಖ್ಯ ಅಂದರೆ, ಮೊದಲನೆಯದನ್ನು ನೀವು ತಡೆಯಬಹುದು, ಬಟ್ಟೆ ಬದಲಿಸಬೇಕಾಗಿಲ್ಲ. ಎರಡನೆಯದಕ್ಕೆ ಉಣ್ಣೆ ಕೊಂಡರೂ ಬಿಡುಗಡೆಯಿಲ್ಲ, ಇನ್ನೂ ಬೇಗ ತೊಂದರೆಯಾಗಬಹುದು.

ಇನ್ನೊಂದು ಮಾತು. ಕಪ್ಪು, ನೇವಿ ಬ್ಲೂ ಬಣ್ಣದಲ್ಲಿ ಹೊಳಪು ಎದ್ದು ಕಾಣುತ್ತದೆ. ಅದೇ ಬಟ್ಟೆ ಬೂದು ಬಣ್ಣದಲ್ಲಿ, ಎರಡು ಛಾಯೆಯ ನೂಲು ಬೆರೆಸಿ ನೇಯ್ದದ್ದಾದರೆ ಅರ್ಧಕ್ಕರ್ಧ ಮುಚ್ಚಿಹೋಗುತ್ತದೆ. ನುಣುಪು ನೇಯ್ಗೆಗಿಂತ ಕೈಗೆ ಸ್ವಲ್ಪ ತರಿತರಿ ಎನ್ನುವ ಸಾದಾ ನೇಯ್ಗೆ ವಾಸಿ. ದಿನಾ ಗಾಡಿ ಓಡಿಸುವವರಿಗೆ ನುಣ್ಣನೆಯ ಕಪ್ಪು ಪ್ಯಾಂಟ್ ಹೊಲಿಸುವುದೆಂದರೆ ಹೊಳಪಿಗೆ ಆಹ್ವಾನ ಪತ್ರಿಕೆ ಕೊಟ್ಟ ಹಾಗೆ.

<b>ಸುಕ್ಕಿನ ಮಾತಿಗೆ ಬಂದರೆ</b>

ಪಿ.ವಿ. ಸುಕ್ಕಾಗುವುದಿಲ್ಲ ಅನ್ನುವುದು ಅರ್ಧ ನಿಜ. ಒಣಗಿರುವಾಗ ಪಾಲಿಯೆಸ್ಟರ್ ಕೈ ಮೇಲು, ಮುಷ್ಟಿಯಲ್ಲಿ ಹಿಂಡಿ ಬಿಟ್ಟರೂ ಮರಳಿ ಬಿಚ್ಚಿಕೊಳ್ಳುತ್ತದೆ. ಬೆವರಿದಾಗ, ಮಳೆಯಲ್ಲಿ ನೆನೆದಾಗ ವಿಸ್ಕೋಸ್ ಸೋಲುತ್ತದೆ. ಒದ್ದೆ ವಿಸ್ಕೋಸ್ ತನ್ನ ಶಕ್ತಿಯಲ್ಲಿ ಹೆಚ್ಚೂಕಡಿಮೆ ಅರ್ಧ ಕಳೆದುಕೊಳ್ಳುತ್ತದೆ, ಮಡಿಸಿದಲ್ಲೇ ಮಡಿಕೆ ನಿಲ್ಲುತ್ತದೆ. ಮಂಗಳೂರಿನ ಸೆಕೆಯಲ್ಲಿ ಒಂದು ಗಂಟೆ ಬಸ್ಸಿನಲ್ಲಿ ಕೂತು ಎದ್ದವರ ಪ್ಯಾಂಟಿನ ತೊಡೆಸಂದಿನ ಸುಕ್ಕು ಬೆಂಗಳೂರಿನವರಿಗಿಂತ ಜಾಸ್ತಿ ಇರುವುದು ಇದಕ್ಕೇ. ವಿಸ್ಕೋಸ್ ಪಾಲು ಹೆಚ್ಚಿದಷ್ಟೂ ಮೈಗೆ ಹಿತ, ಸುಕ್ಕಿಗೂ ಹಿತ! ಒಗೆದ ಮೇಲೆ ಹಿಂಡಬೇಡಿ ಅನ್ನುವುದೂ ಇದೇ ಕಾರಣಕ್ಕೆ. ಮೆಷಿನ್ನಿಗೆ ಹಾಕುವುದಾದರೆ ಒಳಮಗ್ಗುಲು ಮಾಡಿ, ತಣ್ಣೀರಿನಲ್ಲಿ, ಸ್ಪಿನ್ ಕಡಿಮೆ ಇಟ್ಟು ಹಾಕಿ. ಮುಗಿದ ತಕ್ಷಣ ತೆಗೆದು, ಕಾಲಿನ ತುದಿ ಮೇಲೆ ಮಾಡಿ ಕ್ಲಿಪ್ ಹಾಕಿ ನೇತುಹಾಕಿ. ಸೊಂಟದ ಭಾರಕ್ಕೆ ಸುಕ್ಕು ತಾನೇ ಎಳೆದುಕೊಂಡು ಹೋಗುತ್ತದೆ, ಇಸ್ತ್ರಿಯ ಕೆಲಸ ಅರ್ಧ ಮುಗಿಯಿತು.

ಉಣ್ಣೆ ಕೂತಾಗ ಸುಕ್ಕಾಗುತ್ತದೆ, ಸುಳ್ಳೇಕೆ ಹೇಳಬೇಕು? ತೆಳು ಉಣ್ಣೆಯಾದರೆ ಸಂಜೆ ಹೊತ್ತಿಗೆ ಪಿ.ವಿ.ಗಿಂತ ಹೆಚ್ಚೇ ಸುಕ್ಕಾಗಿ ಕಾಣಬಹುದು. ಅದರ ಜಾದೂ ಇರುವುದು ರಾತ್ರಿ. ಉಣ್ಣೆಯ ಎಳೆ ಹುಟ್ಟಿನಿಂದಲೇ ಸ್ಪ್ರಿಂಗಿನ ಹಾಗೆ ಸುರುಳಿ. ಗಾಳಿಯಲ್ಲಿನ ತೇವ ಕುಡಿದು ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ. ಕಳಚಿದ ಕೂಡಲೇ ಜೇಬು ಖಾಲಿ ಮಾಡಿ, ಬೆಲ್ಟು ತೆಗೆದು, ಸ್ನಾನ ಮುಗಿದ ಬಚ್ಚಲುಮನೆಯಲ್ಲಿ ಹಬೆ ಇರುವಾಗಲೇ ಹದಿನೈದು ನಿಮಿಷ ನೇತುಹಾಕಿ, ಆಮೇಲೆ ಗಾಳಿಯಾಡುವಲ್ಲಿ ಇಡಿ. ಮಾರನೇ ದಿನ ಪೂರ್ತಿ ಬಿಡುವು ಕೊಡಿ. ಇಸ್ತ್ರಿಯೇ ಬೇಡ ಅನ್ನುವಷ್ಟು ನೆಟ್ಟಗಾಗಿರುತ್ತದೆ. ಆದರೆ ಒಂದೇ ಉಣ್ಣೆ ಪ್ಯಾಂಟನ್ನು ಸೋಮವಾರವೂ ಮಂಗಳವಾರವೂ ಹಾಕಿದರೆ ಆ ಗುಣ ನಿಮಗೆ ಸಿಕ್ಕುವುದಿಲ್ಲ, ಮೊಣಕಾಲಿನ ಬಳಿ ಉಬ್ಬಿ ನಿಲ್ಲುತ್ತದೆ. ಬೇಕಾದ ಇಸ್ತ್ರಿಗೆರೆಯೂ ಮಳೆಗೆ ಸಿಕ್ಕರೆ ಮಾಯ. ಆ ವಿಷಯದಲ್ಲಿ ಪಿ.ವಿ.ಯೇ ಮೇಲು.

<b>ಯಾವುದು ಹೆಚ್ಚು ಬಾಳುತ್ತೆ?</b>

ಇಲ್ಲಿ ಅನೇಕರಿಗೆ ಆಶ್ಚರ್ಯವಾಗುತ್ತದೆ. ಉಜ್ಜುವಿಕೆ ತಡೆಯುವುದರಲ್ಲಿ ಪಿ.ವಿ.ಯೇ ಗಟ್ಟಿಗ. ಪಾಲಿಯೆಸ್ಟರ್ ಸವೆಯುವುದು ನಿಧಾನ. ಆದರೆ ಗಟ್ಟಿತನಕ್ಕೂ ಒಂದು ದಂಡವಿದೆ. ತೊಡೆ ತೊಡೆ ಉಜ್ಜುವ ಕಡೆ ಸಣ್ಣ ಸಣ್ಣ ಗುಂಡು ಏಳುತ್ತವಲ್ಲ, ಉಣ್ಣೆಯಲ್ಲಿ ಅವು ಕೆಲವು ದಿನಕ್ಕೆ ತಾವೇ ಉದುರುತ್ತವೆ. ಪಿ.ವಿ.ಯಲ್ಲಿ ಪಾಲಿಯೆಸ್ಟರ್ ಎಳೆ ಹಿಡಿದಿಟ್ಟುಕೊಂಡು ಬಿಡುವುದೇ ಇಲ್ಲ. ಕೈಯಲ್ಲಿ ಕೀಳಬೇಡಿ, ಇನ್ನಷ್ಟು ಎಳೆ ಹೊರಬರುತ್ತದೆ. ಬಟ್ಟೆಯ ಶೇವರಿನಿಂದ ತೆಗೆಯಿರಿ.

ಉಣ್ಣೆಯಲ್ಲಿ 'ಸೂಪರ್ 100', 'ಸೂಪರ್ 120' ಅಂತ ಅಚ್ಚಾಗಿರುವುದನ್ನು ನೋಡಿರುತ್ತೀರಿ. ಅಂಕಿ ದೊಡ್ಡದಾದಷ್ಟೂ ಎಳೆ ತೆಳು. ಸೂಪರ್ 100 ಅಂದರೆ ಎಳೆಯ ದಪ್ಪ 18.75 ಮೈಕ್ರಾನ್ ಮೀರಬಾರದು, 120ಕ್ಕೆ 17.75. ಕೈಗೆ ರೇಷ್ಮೆಯಂತೆ ಸಿಗುತ್ತದೆ ನಿಜ, ಸವೆಯುವುದೂ ಬೇಗ. ಮದುವೆ ಸೂಟಿಗೆ ಸರಿ, ದಿನಾ ಸ್ಕೂಟರ್ ಏರುವ ಪ್ಯಾಂಟಿಗೆ ಹೆಚ್ಚು ಅಂಕಿಗೆ ಹೆಚ್ಚು ದುಡ್ಡು ಕೊಡುವುದು ದಂಡ.

ದುಡ್ಡಿನ ಮಾತು ಬಂತಲ್ಲ, ಒಂದು ಲೆಕ್ಕ ಹಾಕಿಯೇಬಿಡೋಣ. ಇವು ಲೆಕ್ಕಕ್ಕೆಂದು ಇಟ್ಟುಕೊಂಡ ಅಂಕಿಗಳು, ನಿಮ್ಮೂರಿನ ದರ ಹಾಕಿ ನೀವೂ ಮಾಡಿ ನೋಡಿ. 58 ಇಂಚು ಅಗಲದ ಬಟ್ಟೆಯಲ್ಲಿ ಒಂದು ಪ್ಯಾಂಟಿಗೆ 1.20 ಮೀಟರ್ ಹಿಡಿಯೋಣ. ಪಿ.ವಿ. ಮೀಟರಿಗೆ 500 ರೂಪಾಯಿ, ಉಣ್ಣೆ ಮೀಟರಿಗೆ 2000, ಹೊಲಿಗೆ ಎರಡಕ್ಕೂ 600. ಪಿ.ವಿ. ಪ್ಯಾಂಟ್ 1200 ರೂಪಾಯಿಗೆ ಕೈಸೇರಿತು, ಉಣ್ಣೆಯದ್ದು 3000ಕ್ಕೆ. ವಾರಕ್ಕೊಮ್ಮೆ, ವರ್ಷಕ್ಕೆ 50 ಸಲ ಹಾಕುತ್ತೀರಿ. ಪಿ.ವಿ. ಎರಡು ವರ್ಷ ಬಂದರೆ 100 ಸಲ, ಒಂದು ಸಲಕ್ಕೆ 12 ರೂಪಾಯಿ. ಪ್ರತಿ ಸಲ ಹೊರಗೆ ಇಸ್ತ್ರಿಗೆ 10 ರೂಪಾಯಿ ಕೊಟ್ಟರೆ 22 ಆಯಿತು. ಉಣ್ಣೆ ಐದು ವರ್ಷ ಬಾಳಿದರೆ 250 ಸಲ. ಬಟ್ಟೆ, ಹೊಲಿಗೆ ಸೇರಿ ಸಲಕ್ಕೆ 12 ರೂಪಾಯಿ, ಅಷ್ಟೇ! ವರ್ಷಕ್ಕೆ ನಾಲ್ಕು ಡ್ರೈಕ್ಲೀನ್, ತಲಾ 150 ಎಂದರೆ ಮತ್ತೆ 12, ಒಟ್ಟು 24. ಇಸ್ತ್ರಿ ಮನೆಯಲ್ಲೇ. ಅಂದರೆ ಎರಡೂ ಹತ್ತಿರ ಹತ್ತಿರ ಬಂತು.

ಆದರೆ ಅದೇ ಉಣ್ಣೆ ಪ್ಯಾಂಟು ದಿನಾ ರೆಕ್ಸಿನ್ ಸೀಟಿನ ಮೇಲೆ ಕೂತು ಎರಡೇ ವರ್ಷಕ್ಕೆ ಕೂರುವ ಜಾಗ ಜಾಳಾಯಿತು ಅನ್ನಿ. 3000ಕ್ಕೆ ಡ್ರೈಕ್ಲೀನಿನ 1200 ಸೇರಿ 4200, ಭಾಗಿಸು 100. ಸಲಕ್ಕೆ 42 ರೂಪಾಯಿ. ಹಾಗಾಗಿ ಕಾರಿನಲ್ಲೋ ಮೆಟ್ರೋದಲ್ಲೋ ಹೋಗಿಬರುವವರು, ಮನೆಯಲ್ಲಿ ಹಬೆ ಇಸ್ತ್ರಿ ಇಟ್ಟುಕೊಂಡವರು, ಒಂದರ ಬದಲು ಎರಡು ಪ್ಯಾಂಟ್ ಹೊಲಿಸಿ ಬಿಡುವು ಕೊಡಬಲ್ಲವರು ಉಣ್ಣೆಗೆ ಹೋಗಲಿ. ಗಾಡಿಯಲ್ಲಿ ಹೋಗುವವರಿಗೆ, ಬಟ್ಟೆಯೆಲ್ಲ ಗಂಟು ಕಟ್ಟಿ ಹೊರಗೆ ಇಸ್ತ್ರಿಗೆ ಕಳಿಸುವ ಮನೆಗಳಿಗೆ ಒಳ್ಳೆಯ ಪಿ.ವಿ.ಯೇ ಸರಿ. ನಡುವೆ ಟೆರಿವುಲ್ ಇದೆ, ಅಂದರೆ ಪಾಲಿಯೆಸ್ಟರ್-ಉಣ್ಣೆಯ ಮಿಶ್ರಣ. ಗಟ್ಟಿತನ ಬರುತ್ತದೆ, ಆದರೆ ಅದರಲ್ಲೂ ಪಾಲಿಯೆಸ್ಟರ್ ಇರುವುದರಿಂದ ಇಸ್ತ್ರಿಯ ಎಚ್ಚರಿಕೆ ಪಿ.ವಿ.ಯದ್ದೇ.

<b>ಕೊಳ್ಳುವಾಗ ಮೋಸ ಹೋಗದಿರಲು</b>

'ವುಲ್ ಟಚ್', 'ವುಲ್ ಫೀಲ್', 'ವುಲನ್ ಫಿನಿಷ್' ಅಂದರೆ ಉಣ್ಣೆ ಅಂತಲ್ಲ. ಅಪ್ಪಟ ಪಿ.ವಿ.ಗೂ ಈ ಹೆಸರು ಇಟ್ಟಿರುತ್ತಾರೆ. ಬಟ್ಟೆಯ ಅಂಚಿನಲ್ಲಿ ಯಾವ ನೂಲು ನೂರಕ್ಕೆ ಎಷ್ಟು ಅಂತ ಅಚ್ಚಾಗಿರುತ್ತದೆ, ಕತ್ತರಿ ಹಾಕುವ ಮೊದಲೇ ಅದನ್ನು ಓದಿ. ಅಂಚು ಕಾಣದ ತುಂಡಾದರೆ ಹಾಸಿನಿಂದ ಒಂದು, ಹೊಕ್ಕಿನಿಂದ ಒಂದು ನೂಲು ಎಳೆದು ಮನೆಗೆ ತನ್ನಿ. ಎರಡೂ ಬೇರೆ ಬೇರೆ ಇರಬಹುದು, ಅದಕ್ಕೇ ಎರಡು. ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ, ಮಕ್ಕಳಿಂದ ದೂರ, ಕಡ್ಡಿ ಗೀರಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಕಡ್ಡಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಿ.ವಿ. ಕಾಗದ ಸುಟ್ಟ ವಾಸನೆಯೊಂದಿಗೆ ಉರಿದು, ತುದಿಯಲ್ಲಿ ಪುಡಿಯಾಗದ ಗಟ್ಟಿ ಮಣಿ ಬಿಡುತ್ತದೆ. ಕೂದಲಿನ ವಾಸನೆಯೂ ಬಂತು, ಮಣಿಯೂ ಉಳಿಯಿತು ಅಂದರೆ ಟೆರಿವುಲ್. ಮಣಿ ಪೂರ್ತಿ ಆರುವವರೆಗೆ ಮುಟ್ಟಬೇಡಿ, ಅಂಟಿಕೊಂಡು ಸುಡುತ್ತದೆ.

<b>ಹೊಳಪು ಬಂದಾಗಿದೆ, ಈಗೇನು?</b>

ಒಂದು ಲೋಟ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಬೆರೆಸಿ, ತೆಳು ಕಾಟನ್ ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ. ಪ್ಯಾಂಟಿನ ಒಳಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ ಮೊದಲು ಪರೀಕ್ಷೆ ಮಾಡಿ, ಬಣ್ಣ ಬಿಡದಿದ್ದರೆ ಮುಂದುವರಿಯಿರಿ. ಹೊಳೆಯುವ ಕಡೆ ಆ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಎರಡು ಚುಕ್ಕೆಯ ಗುರುತಿಗೆ, ಅಂದರೆ ಸುಮಾರು 150 ಡಿಗ್ರಿಗೆ ಇಟ್ಟು, ಮೇಲಿನಿಂದ ತಾಗಿಸಿ ಎತ್ತಿ, ತಾಗಿಸಿ ಎತ್ತಿ. ಎಳೆದು ಉಜ್ಜಬೇಡಿ. ಹಬೆ ಇರುವಾಗಲೇ ಮೆತ್ತನೆಯ ಬ್ರಷ್ಷಿನಿಂದ ರೋಮಕ್ಕೆ ಎದುರಾಗಿ ಹಗುರ ಉಜ್ಜಿ. ಉಣ್ಣೆಯಲ್ಲಿ ವ್ಯತ್ಯಾಸ ಕಣ್ಣೆದುರಿಗೇ ಕಾಣುತ್ತದೆ. ಪಿ.ವಿ.ಯಲ್ಲಿ ಹೊಸದಾಗಿ ಬಂದ, ತೆಳು ಹೊಳಪಾದರೆ ಸ್ವಲ್ಪ ಇಳಿಯುತ್ತದೆ. ಬೆರಳಾಡಿಸಿದಾಗ ಪ್ಲಾಸ್ಟಿಕ್ ಹಾಳೆಯಂತೆ ಜಾರಿದರೆ ಎಳೆ ಬೆಸೆದುಕೊಂಡಿದೆ ಅಂತ ತಿಳಿಯಿರಿ. ಅದಕ್ಕೆ ಮದ್ದಿಲ್ಲ, ಎಷ್ಟು ವಿನೆಗರ್ ಸುರಿದರೂ ದಂಡ. ಉಜ್ಜಿ ರೋಮವೇ ಉದುರಿಹೋಗಿದ್ದರೆ ಉಣ್ಣೆಗೂ ಇದೇ ಮಾತು, ಇಲ್ಲದ ರೋಮವನ್ನು ಹಬೆ ಎಬ್ಬಿಸಲಾರದು.

ಹೊಸ ಪಿ.ವಿ. ಪ್ಯಾಂಟನ್ನು ಮನೆಯಲ್ಲಿ ಇಸ್ತ್ರಿ ಮಾಡುವವರು ಒಂದು ಚುಕ್ಕೆಯಿಂದ ಶುರುಮಾಡಿ, ಸಾಲದಿದ್ದರೆ ಎರಡಕ್ಕೆ ಹೋಗಿ, ಮೂರು ಚುಕ್ಕೆ ಮುಟ್ಟಲೇಬೇಡಿ. ಗೆರೆ ಕೂರಿಸಲು ಮಾತ್ರ ಹೊರಮಗ್ಗುಲು, ಅದೂ ಒದ್ದೆ ಬಟ್ಟೆ ಮೇಲೆ ಹಾಸಿ. ಉಳಿದದ್ದೆಲ್ಲ ಒಳಮಗ್ಗುಲಿಂದ.

ಉಣ್ಣೆ ಕೊಂಡವರಿಗೆ ಇನ್ನೊಂದು ಕೆಲಸವಿದೆ. ನುಸಿಹುಳುವಿಗೆ ಪಿ.ವಿ. ರುಚಿಸುವುದಿಲ್ಲ, ಉಣ್ಣೆ ಅಂದರೆ ಹಬ್ಬದೂಟ. ಬೆವರು, ಊಟದ ಕಲೆ ಇರುವ ಕಡೆಯೇ ಮೊದಲು ತೂತು ಬೀಳುವುದು. ತಿಂಗಳುಗಟ್ಟಲೆ ಎತ್ತಿಡುವ ಮೊದಲು ಡ್ರೈಕ್ಲೀನ್ ಮಾಡಿಸಿ, ಬಟ್ಟೆಯ ಚೀಲದಲ್ಲಿ ಬಾಯಿ ಕಟ್ಟಿ ಇಡಿ, ಆಗಾಗ ತೆಗೆದು ಬ್ರಷ್ ಹಾಕಿ. ಹೊಲಿಸುವಾಗ ಟೈಲರಿಗೂ ಒಂದು ಮಾತು ಹೇಳಿ: ಮುಂಭಾಗಕ್ಕೆ ಮೊಣಕಾಲಿನವರೆಗೆ ತೆಳು ಲೈನಿಂಗ್, ತೊಡೆಸಂದಿನ ಒಳಗೆ ಅದೇ ಬಟ್ಟೆಯ ಅಂಗೈಯಗಲದ ತುಂಡು. ಹೊಲಿಗೆ ಕೂಲಿ ಸ್ವಲ್ಪ ಜಾಸ್ತಿ ಕೇಳುತ್ತಾರೆ, ಕೊಡಿ. ಉಣ್ಣೆ ಮೊದಲು ಸವೆಯುವುದು ಆ ಎರಡು ಅಂಗೈ ಜಾಗದಲ್ಲೇ. ಮಿಕ್ಕ ಚೂರನ್ನೂ ಮರೆಯದೆ ವಾಪಸ್ ಕೇಳಿ ಇಸಿದುಕೊಳ್ಳಿ, ಮುಂದೆ ರಫು ಮಾಡಿಸಬೇಕಾದರೆ ಅದೇ ನೂಲು ಬೇಕಾಗುತ್ತದೆ.